ಮೈನಸ್ ಆರೂವರೆ ನಿಮಿಷದ ಮಾತಕ್ಕ

ನಮ್ಮ ಆಫೀಸಿನಲ್ಲಿ ಅವಳನ್ನು ಎಲ್ಲರೂ ಮಾತಕ್ಕ ಎಂದೇ ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಖುಷಿಯಿಂದ ಓಗೊಡುತ್ತಾಳೆ. ಬಟ್ಟೆ ಒಗೆಯುವ ಮಷೀನು ಮಾಡುವ ಕಂಪನಿಯ ಸಹಾಯವಾಣಿ ನಮ್ಮದು. ಮಷೀನಿನ ಬಾಗಿಲು ತೆರೆಯದಿದ್ದರೆ, ನೀರು ನೆಲಕ್ಕೆ ಹರಿದರೆ, ತಿರುಗುವಾಗ ಮಷೀನು ಮನೆ ತುಂಬ ಕುಣಿದಾಡಿದರೆ ಜನ ಇಲ್ಲಿಗೆ ಫೋನ್ ಮಾಡುತ್ತಾರೆ. ದೊಡ್ಡ ಹಾಲಿನಲ್ಲಿ ಸಾಲು ಸಾಲು ಮೇಜು, ಪ್ರತಿ ಮೇಜಿಗೂ ಒಬ್ಬರು, ಪ್ರತಿಯೊಬ್ಬರ ಕಿವಿಗೂ ಹೆಡ್‌ಫೋನು. ಹಾಲಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ಇಲ್ಲಿನ ಪ್ರೋಗ್ರಾಂಗಳನ್ನು ನೋಡಿಕೊಳ್ಳುವವಳು ನಾನು. ನಡುವಿನ ಗೋಡೆ ತೀರಾ ತೆಳು. ಮಾತಕ್ಕನ ಮಾತು ಬೇಕೋ ಬೇಡವೋ, ದಿನವಿಡೀ ನನ್ನ ಕಿವಿಗೆ ಬಿದ್ದೇ ಬೀಳುತ್ತದೆ.

ಅವಳು ಮೊದಲು ಲೈಬ್ರರಿಯಲ್ಲಿದ್ದಳು. "ಸದ್ದು ಮಾಡಬೇಡಿ" ಎಂಬ ಬೋರ್ಡಿನ ಕೆಳಗೇ ಅವಳ ಕುರ್ಚಿ. ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಪುಸ್ತಕ ಕೊಟ್ಟಳಂತೆ. ಮನೆಗೆ ಬಂದರೆ ಗಂಡ ಬಸ್ ಡ್ರೈವರು, ಉಪ್ಪು ಬೇಕಾದರೂ ಬೆರಳು ತೋರಿಸುವ ಮನುಷ್ಯ. ಇನ್ನು ಅತ್ತೆಗೆ ಕಿವಿ ಮಂದ. ಒಂದೇ ವಿಷಯವನ್ನು ಮೂರು ಸಲ, ಮೂರು ಥರ ಹೇಳಿದರೇನೇ ಅವರಿಗೆ ತಲುಪುತ್ತಿತ್ತು. "ನಮ್ಮತ್ತೆ ದೆಸೆಯಿಂದ ಮಾತಾಡೋದು ಕಲಿತೆ ಕಣೇ. ಜೋರಾಗಿ ಕೂಗಿದ್ರೆ ಅರ್ಥ ಆಗಲ್ಲ, ಬೇರೆ ಥರ ಹೇಳಿದ್ರೆ ಆಗುತ್ತೆ," ಎನ್ನುತ್ತಾಳೆ. ಲೈಬ್ರರಿ ಬಿಟ್ಟು ಈ ಹಾಲಿಗೆ ಬಂದ ದಿನ ಅವಳಿಗೆ ಜೈಲಿನಿಂದ ಬಿಡುಗಡೆಯಾದಷ್ಟು ಸಂತೋಷವಾಗಿತ್ತಂತೆ.

ಅವಳ ಫೋನು ಹೀಗಿರುತ್ತದೆ: "ಅಜ್ಜಾ, ಮಷೀನಿನ ಹಿಂದೆ ಒಂದು ನಲ್ಲಿ ಇದೆ ನೋಡಿ. ಕಾಣ್ತಿಲ್ವಾ? ಪರವಾಗಿಲ್ಲ, ಗೋಡೆ ಹಿಡ್ಕೊಂಡು ನಿಧಾನ ಹೋಗಿ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ." ಅಜ್ಜ ಹೋಗಿ, ನಲ್ಲಿ ತಿರುಗಿಸಿ, ಬಂದು, ಸೊಂಟನೋವಿನ ಕಥೆ ಹೇಳಿ ಮುಗಿಸುವವರೆಗೂ ಅವಳು ಅಲ್ಲೇ ಇರುತ್ತಾಳೆ. ಪಕ್ಕದ ಮೇಜಿನ ಹುಡುಗನನ್ನು ನಾವು ರೈಲು ಅನ್ನುತ್ತೇವೆ. "ಸ್ವಿಚ್ ಆಫ್ ಮಾಡಿ, ಆನ್ ಮಾಡಿ, ಥ್ಯಾಂಕ್ಯೂ" ಎಂದು ಒಂದೇ ಉಸಿರಿಗೆ ಹೇಳಿ ಮುಂದಿನ ಸ್ಟೇಷನ್ನಿಗೆ ಹೊರಟುಬಿಡುತ್ತಾನೆ. ಒಳ್ಳೆಯ ಹುಡುಗ, ಆದರೆ ನಿಲ್ಲುವುದಿಲ್ಲ.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಅವರಿಗೆ ವೇಗವೆಂದರೆ ಪ್ರಾಣ. ಬಂದ ತಿಂಗಳೇ ಎಲ್ಲರನ್ನೂ ಕೂರಿಸಿಕೊಂಡು ಚುಟುಕಾಗಿ ಮಾತಾಡುವುದು ಹೇಗೆಂದು ಅರ್ಧ ದಿನ ಉದ್ದಕ್ಕೆ ಭಾಷಣ ಮಾಡಿದರು. ಆಮೇಲೆ ಹೇಳಿದರು: ಅರ್ಧ ವರ್ಷದ ಲೆಕ್ಕ ತೆಗೆಯುತ್ತೇವೆ. ಒಂದು ಕರೆಗೆ ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ, ಕೊನೆಯ ಐದು ಜನರನ್ನು ಫೋನಿನಿಂದ ತೆಗೆದು ಮೇಲಿನ ಮಹಡಿಯ ಮೇಲ್ ರೂಮಿಗೆ ಹಾಕುತ್ತೇವೆ. ಮೇಲ್ ರೂಮೆಂದರೆ ಬಂದ ಇಮೇಲಿಗೆ ಉತ್ತರ ಬರೆಯುವ ಜಾಗ. ಕೀಬೋರ್ಡಿನ ಟಕಟಕ ಬಿಟ್ಟರೆ ಅಲ್ಲಿ ಒಂದು ನರಪಿಳ್ಳೆಯ ದನಿಯೂ ಇಲ್ಲ. ತಿಂಗಳ ಪಟ್ಟಿಯಲ್ಲಿ ಮಾತಕ್ಕ ಯಾವಾಗಲೂ ಕಟ್ಟಕಡೆಯವಳು. ಆ ದಿನ ಅವಳು ಊಟದ ಡಬ್ಬಿ ತೆರೆಯಲೇ ಇಲ್ಲ. "ಮತ್ತೆ ಲೈಬ್ರರಿಗೆ ಹಾಕ್ತಾರಲ್ಲೇ ನನ್ನ," ಎಂದಳು.

ಅರ್ಧ ವರ್ಷದ ಲೆಕ್ಕ ಬಂತು. ಹಾಲಿನ ಗೋಡೆಯ ಪರದೆಯ ಮೇಲೆ ಬರೀ ಸ್ಥಾನ ಕಾಣುತ್ತದೆ, ಅಂಕಿ ಕಾಣುವುದಿಲ್ಲ. ಅಂಕಿ ಹಾಕಿದರೆ ಜಗಳ ಆಗುತ್ತದೆಂದು. ಮೊದಲನೇ ಸ್ಥಾನ ಮಾತಕ್ಕನದು. ಎರಡನೆಯದು ರೈಲಿನದು.

ಇಡೀ ಹಾಲು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ರೈಲು ಎದ್ದು ನಿಂತು ಪರದೆ ನೋಡಿದ, ಕಣ್ಣುಜ್ಜಿಕೊಂಡ, ಕೂತ. ಮ್ಯಾನೇಜರ್ ಮಾತ್ರ ಉಬ್ಬಿಹೋದರು. "ನೋಡಿದ್ರಾ? ನನ್ನ ಭಾಷಣದ ಪರಿಣಾಮ! ಶುಕ್ರವಾರ ಮಧ್ಯಾಹ್ನ ನೀವು ಎಲ್ರಿಗೂ ಹೇಳಿಕೊಡಬೇಕು, ಇಷ್ಟು ಬೇಗ ಹೇಗೆ ಮುಗಿಸ್ತೀರಿ ಅಂತ," ಎಂದು ಮಾತಕ್ಕನ ಕೈ ಕುಲುಕಿದರು.

ಕುಣಿದಾಡಬೇಕಾದವಳು ಕೆಂಡಾಮಂಡಲವಾಗಿ ನನ್ನ ಕೋಣೆಗೆ ನುಗ್ಗಿದಳು.

"ಏನೇ ಇದು? ನಾನು ಬೇಗ ಬೇಗ ಮುಗಿಸ್ತೀನಂತೆ! ನಾನು ಯಾವತ್ತಾದ್ರೂ ಯಾರ ಫೋನನ್ನಾದ್ರೂ ಅರ್ಧಕ್ಕೆ ಇಟ್ಟಿದ್ದೀನಾ?"

"ಅಕ್ಕಾ, ಫೋನ್ ಸೀಟು ಉಳೀತಲ್ಲ. ಸುಮ್ನಿರಬಾರದಾ?"

"ಸುಮ್ನಿರೋಕೆ ಬರೋದಿಲ್ಲ ಅಂತಾನೇ ಅಲ್ವಾ ಈ ಕೆಲಸಕ್ಕೆ ಬಂದಿದ್ದು! ನಿನ್ನ ಆ ಪ್ರೋಗ್ರಾಂಗೆ ಏನೋ ದೊಡ್ಡ ರೋಗ ಬಂದಿದೆ. ನೋಡು."

ನನ್ನ ಪ್ರೋಗ್ರಾಂ ಅಂತೆ! ಅದನ್ನು ಬರೆದ ಪುಣ್ಯಾತ್ಮ ಕೆಲಸ ಬಿಟ್ಟು ಎಲ್ಲೋ ಈಜು ಕಲಿಸುತ್ತಿದ್ದಾನೆ. ಅವನು ಬರೆದಿಟ್ಟುಹೋದ ಜಾವಾ ಕೋಡನ್ನು ಸಂಭಾಳಿಸುವ ಗ್ರಹಚಾರ ನನ್ನದು. ಗೊಣಗುತ್ತಲೇ ತೆರೆದೆ. ಅವಳ ಸರಾಸರಿ ತೋರಿಸು ಎಂದೆ. ಬಂದ ಉತ್ತರ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮೈನಸ್ ಆರೂವರೆ ನಿಮಿಷ! ಅಂದರೆ ನಮ್ಮ ಮಾತಕ್ಕ ಫೋನು ಬರುವುದಕ್ಕೆ ಆರೂವರೆ ನಿಮಿಷ ಮುಂಚೆಯೇ ಮಾತು ಮುಗಿಸಿಬಿಡುತ್ತಾಳೆ. ಕಮ್ಮಿಯಿಂದ ಹೆಚ್ಚಿಗೆ ಸಾಲು ಮಾಡಿದರೆ ಮೈನಸ್ಸಿನವರು ಮೊದಲು ಬರದೆ ಇನ್ಯಾರು ಬರುತ್ತಾರೆ?

"ಅದ್ಯಾಕೆ ಹಾಗೆ?" ಎಂದಳು.

ಅವಳಿಗೆ ಅವಳ ದಾರಿಯಲ್ಲೇ ಹೇಳಿದೆ. "ನೋಡಕ್ಕಾ, ಪ್ರತಿ ಕರೆಯ ಹೊತ್ತನ್ನ ಇದು ಮಿಲಿಸೆಕೆಂಡಲ್ಲಿ ಕೂಡುತ್ತೆ. ಒಂದು ಸೆಕೆಂಡಿಗೆ ಸಾವಿರ. ಕೂಡಿದ ಮೊತ್ತ ಇಡೋಕೆ 'ಇಂಟ್' ಅಂತ ಒಂದು ಡಬ್ಬಿ. ಅದರಲ್ಲಿ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆವರೆಗೆ ಮಾತ್ರ ಹಿಡಿಯುತ್ತೆ. ಅದು ತುಂಬಿದ ಮೇಲೆ ಇನ್ನೊಂದು ಸೇರಿಸಿದ್ರೆ ಸೀದಾ ಮೈನಸ್ ಇನ್ನೂರ ಹದಿನಾಲ್ಕು ಕೋಟಿಗೆ ಹಾರಿ, ಅಲ್ಲಿಂದ ಮತ್ತೆ ಮೇಲಕ್ಕೆ ಎಣಿಸುತ್ತೆ."

"ತುಂಬ್ತು ಅಂತ ಹೇಳೋದಿಲ್ವಾ?"

"ತುಟಿ ಪಿಟಿಕ್ ಅನ್ನಲ್ಲ. ತಿಂಗಳ ಲೆಕ್ಕದಲ್ಲಿ ಯಾರದೂ ತುಂಬ್ತಿರಲಿಲ್ಲ. ಈ ಸಲ ಆರು ತಿಂಗಳದ್ದು ಒಟ್ಟಿಗೆ ಕೂಡಿದ್ವಿ. ಉಳಿದೋರದ್ದು ಅಂಚಿಗೆ ಬಂದು ನಿಂತಿದೆ. ಡಬ್ಬಿ ತುಂಬಿ ಚೆಲ್ಲೋವಷ್ಟು ಮಾತಾಡಿದೋಳು ನೀನೊಬ್ಳೇ."

ಅವಳ ಮುಖ ಅರಳಿತು. ನಾನೇ ಅವಳ ಉತ್ಸಾಹಕ್ಕೆ ತಣ್ಣೀರೆರಚಬೇಕಾಯಿತು. ಇಂಟ್ ತೆಗೆದು ದೊಡ್ಡ ಡಬ್ಬಿ, ಲಾಂಗ್, ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಸರಿಯಾದ ಲೆಕ್ಕ ಕರೆಗೆ ಒಂಬತ್ತು ನಿಮಿಷ. ಅವಳು ಕಡೆಯವಳು. ಮೇಲ್ ರೂಮು ಗ್ಯಾರಂಟಿ.

ಅವಳು ಕುರ್ಚಿ ಎಳೆದುಕೊಂಡು ಕೂತು ಪರದೆಯ ಮೈನಸ್ಸನ್ನೇ ನೋಡಿದಳು.

"ಸರಿ ಮಾಡು," ಎಂದಳು. "ಶುಕ್ರವಾರ ಆ ಮಕ್ಕಳ ಮುಂದೆ ನಿಂತು ನಾನು ಏನಂತ ಹೇಳಲೇ? ಅಜ್ಜ ನಲ್ಲಿ ಹುಡುಕ್ತಿರೋವಾಗ ಫೋನ್ ಇಟ್ಬಿಡಿ ಅಂತಲಾ?"

ಸರಿ ಮಾಡಿದೆ. ಪರದೆಯ ಮೇಲೆ ರೈಲು ಮೊದಲಿಗೆ ಏರಿದ, ಮಾತಕ್ಕ ತಳಕ್ಕೆ ಇಳಿದಳು. ಮ್ಯಾನೇಜರ್ ಪೆಚ್ಚುಮೋರೆ ಹಾಕಿಕೊಂಡು ಮಾತಕ್ಕನ ಶುಕ್ರವಾರದ ಪಾಠ ರದ್ದು ಮಾಡಿದರು. ಶುಕ್ರವಾರ ಸೀಟು ಬದಲಾವಣೆ ಎಂದು ಕಡೆಯ ಐದು ಜನರಿಗೂ ತಿಳಿಸಿದರು.

ನನಗೆ ಪಿತ್ತ ನೆತ್ತಿಗೇರಿತ್ತು. ಸತ್ಯ ಹೇಳಿದವಳಿಗೆ ಇದಾ ಬಹುಮಾನ? ಶುಕ್ರವಾರ ಬೆಳಿಗ್ಗೆ ಕುದಿಯುತ್ತ ಕೂತಿದ್ದಾಗ ಗೋಡೆಯಾಚೆಯಿಂದ ರೈಲಿನ ದನಿ ಕೇಳಿಸಿತು: "ಏನ್ ಸಾರ್, ಮತ್ತೆ ನೀವೇನಾ?" ತುಸು ಹೊತ್ತಿಗೆ ಇನ್ನೊಮ್ಮೆ: "ಓ, ಮೇಡಂ, ಮತ್ತೆ ನೀವೇನಾ?" ನಮ್ಮಲ್ಲಿ ಒಂದು ದೂರು ಮೊದಲು ಯಾರಿಗೆ ಬರುತ್ತದೋ, ಅದೇ ದೂರಿನ ಮುಂದಿನ ಕರೆಗಳೂ ಅವರಿಗೇ ಹೋಗುತ್ತವೆ. ಮಾತಕ್ಕನ ಬಾಯಲ್ಲಿ "ಮತ್ತೆ ನೀವೇನಾ" ಎಂಬ ಮಾತನ್ನು ನಾನು ಕೇಳಿಯೇ ಇರಲಿಲ್ಲ, ಅವಳ ಬಾಯಲ್ಲಿ ಬೇರೆಲ್ಲ ಮಾತೂ ಕೇಳಿದ್ದೇನೆ.

ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇತ್ತು: ದೂರಿಗೆ ಸರಾಸರಿ ಎಷ್ಟು ಕರೆ. ಯಾರೂ ಅತ್ತ ನೋಡುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಒಂದೇ ಉತ್ತರ, 1.0. ಮಾತಕ್ಕನಿಗೂ 1.0, ರೈಲಿಗೂ 1.0. ಇದು ಹೇಗೆ ಸಾಧ್ಯ ಮಾರಾಯರೇ? ಕೋಡಿನ ಆ ಸಾಲು ನೋಡಿದೆ. ಈಜು ಮೇಷ್ಟ್ರು ಇಲ್ಲೂ ಕೈಚಳಕ ತೋರಿಸಿದ್ದ. ಒಟ್ಟು ಕರೆ ಒಂದು ಇಂಟ್, ಒಟ್ಟು ದೂರು ಒಂದು ಇಂಟ್. ಇಂಟನ್ನು ಇಂಟಿನಿಂದ ಭಾಗಿಸಿದರೆ ಜಾವಾ ದಶಾಂಶದ ಭಾಗವನ್ನು ಕತ್ತರಿಸಿ ಬಿಸಾಡುತ್ತದೆ. ಒಂದೂ ಮುಕ್ಕಾಲಾದರೂ ಒಂದೇ, ಎರಡಕ್ಕೆ ಕೂದಲೆಳೆ ಕಮ್ಮಿಯಿದ್ದರೂ ಒಂದೇ. ಕತ್ತರಿಸಿದ ಮೇಲೆ ಉಳಿದ ಒಂದನ್ನು ಅವನು ದಶಾಂಶ ಹಿಡಿಯುವ ಡಬಲ್ ಡಬ್ಬಿಗೆ ಹಾಕಿದ್ದ. ಅದು ಠಾಕುಠೀಕಾಗಿ ಬಿಂದು ಸೊನ್ನೆ ಅಂಟಿಸಿಕೊಂಡು ಹೊರಗೆ ಬರುತ್ತಿತ್ತು. ಆ ಬಿಂದು ನೋಡಿ ಎಲ್ಲರೂ ಲೆಕ್ಕ ಬಹಳ ನಿಖರವಾಗಿದೆ ಅಂದುಕೊಂಡಿದ್ದರು.

ಭಾಗಿಸುವ ಮೊದಲೇ ಒಂದು ಸಂಖ್ಯೆಯನ್ನು ಆ ಡಬಲ್ ಡಬ್ಬಿಗೆ ಹಾಕಿ, ಮತ್ತೆ ಓಡಿಸಿದೆ. ರೈಲಿನದು 1.9. ಉಳಿದವರದು ಒಂದೂವರೆಯ ಆಚೆಈಚೆ. ಮಾತಕ್ಕನದು 1.02. ನಾನು ಕುರ್ಚಿಯಿಂದ ಎದ್ದವಳು ಚಪ್ಪಲಿ ಹಾಕಿಕೊಳ್ಳದೆಯೇ ಮ್ಯಾನೇಜರ್ ಕೋಣೆಗೆ ಓಡಿದೆ.

"ಸೋಮವಾರ ಒಂದು ಲೆಕ್ಕ, ಮೊನ್ನೆ ಇನ್ನೊಂದು ಲೆಕ್ಕ, ಇವತ್ತು ಮತ್ತೊಂದಾ?" ಎಂದರು ಅವರು.

"ಸಾರ್, ನಿಮ್ಮ ಕೈಯಾರೆ ಮಾಡಿ ನೋಡಿ. ಕರೆಗೆ ಐದು ನಿಮಿಷ, ದೂರಿಗೆ ಒಂದು ಬಿಂದು ಒಂಬತ್ತು ಕರೆ. ರೈಲಿಗೆ ಒಂದು ದೂರು ಮುಗಿಸೋಕೆ ಎಷ್ಟಾಯ್ತು?"

ಅವರು ಗುಣಿಸಿದರು. "ಒಂಬತ್ತೂವರೆ."

"ಮಾತಕ್ಕಂದು?"

"ಒಂಬತ್ತು... ಚಿಲ್ಲರೆ." ಇನ್ನೊಮ್ಮೆ ಗುಣಿಸಿದರು. ಆದರೂ ಮನುಷ್ಯ ಹಟಮಾರಿ. "ರೂಲ್ ಇರೋದು ಕರೆಯ ಹೊತ್ತಿನ ಮೇಲೆ. ಎಲ್ರ ಮುಂದೆ ಹೇಳಿಬಿಟ್ಟಿದ್ದೀನಿ," ಎಂದು ಪಟ್ಟಿ ಹಿಡಿದುಕೊಂಡೇ ಹಾಲಿಗೆ ನಡೆದರು. ಬೈಯಬೇಕೆಂದು ನಾಲಿಗೆ ತುರಿಸುತ್ತಿತ್ತು. ನುಂಗಿಕೊಂಡು ಹಿಂದೆ ಹೋದೆ.

ಮಾತಕ್ಕ ತನ್ನ ನೀರಿನ ಬಾಟಲಿ, ಕನ್ನಡಕದ ಪೆಟ್ಟಿಗೆ ಎಲ್ಲವನ್ನೂ ಚೀಲಕ್ಕೆ ತುಂಬಿ ಸಿದ್ಧವಾಗಿದ್ದಳು. ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ಫೋನು ಬಂತು. ಅವಳು ಅವರತ್ತ ಅಂಗೈ ತೋರಿಸಿ, "ಒಂದ್ನಿಮಿಷ ಇರಿ ಸಾರ್," ಎಂದಳು.

ಅದು ಒಂದು ನಿಮಿಷ ಅಲ್ಲವೆಂದು ಇಡೀ ಹಾಲಿಗೆ ಗೊತ್ತಿತ್ತು. ಯಾರೋ ಹೆಂಗಸು. ಮಷೀನಿನ ಬಾಗಿಲು ತೆರೆಯುತ್ತಿಲ್ಲ, ಒಳಗೆ ಮಗನ ಶಾಲೆಯ ಬಟ್ಟೆ ಸಿಕ್ಕಿಹಾಕಿಕೊಂಡಿದೆ, ಅಳುವುದೊಂದು ಬಾಕಿ. "ಎಳೀಬೇಡಿ ತಾಯಿ, ಹಿಡಿ ಮುರಿಯುತ್ತೆ. ಒಳಗೆ ನೀರು ನಿಂತಿದೆಯಾ ನೋಡಿ. ಇದೆಯಾ? ಅದಕ್ಕೇ ಬಾಗಿಲು ಬಿಡ್ತಿಲ್ಲ. ಕೆಳಗೆ ಒಂದು ಚಿಕ್ಕ ಮುಚ್ಚಳ ಇದೆ, ಮೊದಲು ಒಂದು ತಟ್ಟೆ ತನ್ನಿ. ನಾನಿಲ್ಲೇ ಇರ್ತೀನಿ." ಮ್ಯಾನೇಜರ್ ನಿಂತರು. ಗಡಿಯಾರ ನೋಡಿದರು. ಕಾಲು ಬದಲಾಯಿಸಿದರು. ಆಮೇಲೆ ರೈಲು ತಳ್ಳಿಕೊಟ್ಟ ಕುರ್ಚಿಯಲ್ಲಿ ಕೂತರು. ತಟ್ಟೆ ಬಂತು, ನೀರು ಹರಿಯಿತು, ಮುಚ್ಚಳದ ಹಿಂದಿನ ಜಾಲರಿಯಲ್ಲಿ ಒಂದು ಕಾಲುಚೀಲ ಸಿಕ್ಕಿತು, ಬಾಗಿಲು ಟಕ್ ಎಂದಿದ್ದು ನಮಗೆಲ್ಲ ಹೆಡ್‌ಫೋನಿನಾಚೆಗೂ ಕೇಳಿಸಿತು. ಆ ಹೆಂಗಸಿನ ನಗು ಕೂಡ.

ಮಾತಕ್ಕ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. "ಹೇಳಿ ಸಾರ್. ಮಹಡಿಗೆ ಹೋಗ್ಲಾ?"

ಮ್ಯಾನೇಜರ್ ಕೈಲಿದ್ದ ಪಟ್ಟಿಯನ್ನು ಮಡಚಿ ಜೇಬಿಗೆ ತುರುಕಿದರು. ಮೇಜಿನ ಮೇಲೆ ಅವಳ ಫೋನಿನ ಕೆಂಪು ದೀಪ ಆಗಲೇ ಮಿನುಗುತ್ತಿತ್ತು.

"ಫೋನ್ ಬರ್ತಿದೆ," ಎಂದರು. "ಕೂತ್ಕೊಳ್ಳಿ, ತಗೊಳ್ಳಿ."