ಎರಡನೇ ಪಾಸಿನ ಹದಿಮೂರು

ಮಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಡೇಟಾ ಸ್ಟ್ರಕ್ಚರ್ಸ್ ಕಲಿಸುತ್ತೇನೆ. ಆ ವರ್ಷದ ಇಂಟರ್ನಲ್ ಪರೀಕ್ಷೆಯಲ್ಲಿ 29, 10, 14, 37, 13 ಎಂಬ ಸಂಖ್ಯೆಗಳನ್ನು ಬಬಲ್ ಸಾರ್ಟ್‌ನಿಂದ ಏರಿಕೆಯ ಕ್ರಮಕ್ಕೆ ತಂದು, ಪ್ರತಿ ಪಾಸಿನ, ಅಂದರೆ ಪ್ರತಿ ಸುತ್ತಿನ, ಕೊನೆಯ ಸ್ಥಿತಿಯನ್ನು ಕೋಷ್ಟಕದಲ್ಲಿ ಬರೆಯಲು ಕೇಳಿದ್ದೆ.

ಇಬ್ಬರು ಹುಡುಗಿಯರ ಉತ್ತರ ನೋಡಿ ಪೆನ್ನು ನಿಂತಿತು. ಇಬ್ಬರೂ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು. ಪರೀಕ್ಷೆಯಲ್ಲಿ ಹಿಂದೆ ಮುಂದೆ ಕೂತಿದ್ದರು. ಮೊದಲ ಪಾಸು ಸರಿ: 10, 14, 29, 13, 37. ಎರಡನೆಯದರಲ್ಲಿ ಇಬ್ಬರೂ 10, 13, 14, 29, 37 ಎಂದು ಬರೆದಿದ್ದರು. ಎಡದಿಂದ ಬಲಕ್ಕೆ ಪಕ್ಕಪಕ್ಕದ ಸಂಖ್ಯೆಗಳನ್ನು ಹೋಲಿಸಿ ಅದಲುಬದಲು ಮಾಡುತ್ತಾ ಹೋದರೆ 13 ಒಂದು ಪಾಸಿನಲ್ಲಿ ಒಂದೇ ಮನೆ ಹಿಂದೆ ಸರಿಯಬಹುದು. ಇಲ್ಲಿ ಎರಡು ಮನೆ ಹಾರಿತ್ತು. ಒಂದೇ ವಿಚಿತ್ರ ತಪ್ಪು ಇಬ್ಬರಿಗೆ ಹೇಗೆ ಹೊಳೆಯುತ್ತದೆ? ನಕಲು ಎಂದು ವಿಭಾಗದ ಮುಖ್ಯಸ್ಥರಿಗೆ ಬರೆದು ಕೊಟ್ಟೆ.

"ನೋಡಿ ಬರೆದದ್ದಲ್ಲ ಸರ್. ಡಿಪ್ಲೊಮಾದಿಂದ ಬಂದ ನಮ್ಮಿಬ್ಬರಿಗೆಂದು ಶನಿವಾರ ತೆಗೆದುಕೊಂಡ ವಿಶೇಷ ಕ್ಲಾಸಿನಲ್ಲಿ ಇದೇ ಲೆಕ್ಕವನ್ನು ನೀವೇ ಹೀಗೆ ಮಾಡಿಸಿದ್ದು," ಎಂದಳು ಮುಖ್ಯಸ್ಥರ ಕೋಣೆಯಲ್ಲಿ ಇಬ್ಬರಲ್ಲಿ ಮೊದಲನೆಯವಳು. ನೋಟ್‌ಬುಕ್ ಚಾಚಿದಳು.

"ಇದನ್ನು ಆಮೇಲೆ ಬರೆದಿರಬಹುದು," ಎಂದೆ.

ತಪ್ಪೊಪ್ಪಿಗೆ ಬರೆದರೆ ಎಚ್ಚರಿಕೆ ಕೊಟ್ಟು ಮುಗಿಸುವುದೆಂದಾಯಿತು. ಎರಡನೆಯವಳು ಅಳುತ್ತಾ ಸಹಿ ಹಾಕಿದಳು. ಮೊದಲನೆಯವಳು ಹಾಕಲಿಲ್ಲ. ಪಣಂಬೂರಿನ ಗೋದಾಮಿನಲ್ಲಿ ಕೆಲಸ ಮಾಡುವ ಅವಳ ಅಪ್ಪ ಡ್ಯೂಟಿಯ ಬಟ್ಟೆಯಲ್ಲೇ ಬಂದರು. "ಅವಳು ಸುಳ್ಳು ಹೇಳುವವಳಲ್ಲ ಸರ್," ಎಂದಷ್ಟೇ ಹೇಳಿದರು. ಅವಳಿಗೆ ಸೊನ್ನೆ ಬಿತ್ತು, ಸೆಮಿಸ್ಟರ್ ಪರೀಕ್ಷೆಗೆ ಕೂರುವ ಅರ್ಹತೆ ಹೋಯಿತು. ಮರುವಾರದಿಂದ ಕಾಲೇಜಿಗೆ ಬರಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಸಹಿ ಹಾಕಿದವಳು ಸ್ಟಾಫ್ ರೂಮಿಗೆ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟಳು. ಆ ಶನಿವಾರದ ಬೋರ್ಡಿನ ಫೋಟೊ, ಅದೇ ಐದು ಸಂಖ್ಯೆಗಳು. ನನ್ನ ಅಕ್ಷರ. ಅವಸರದಲ್ಲಿ ಮೂರನೆಯ ಪಾಸಿನ ಸಾಲನ್ನೇ ಎರಡನೆಯದರಲ್ಲಿ ಬರೆದಿದ್ದೆ.

"ಆಗಲೇ ಯಾಕೆ ತೋರಿಸಲಿಲ್ಲ?"

"ಹೆದರಿಕೆ ಆಯ್ತು ಸರ್. ಅವಳ ನೋಟ್‌ಬುಕ್ಕನ್ನೇ ನೀವು ನಂಬಲಿಲ್ಲ."

ಅಂದೇ ಪ್ರಾಂಶುಪಾಲರಿಗೆ ಪತ್ರ ಬರೆದೆ. "ಮುಗಿದದ್ದನ್ನು ಎಂತಕ್ಕೆ ಕೆದಕುವುದು ಮಾರಾಯ್ರೆ?" ಎಂದರು ಮುಖ್ಯಸ್ಥರು. ಆದರೂ ನಾನು ಪತ್ರ ಹಿಂತೆಗೆದುಕೊಳ್ಳಲಿಲ್ಲ. ಕಾಲೇಜಿನವರು ಅಂಕ ತಿದ್ದಿದರು, ನಕಲಿನ ದಾಖಲೆ ಅಳಿಸಿದರು. ಅವಳಿಗೆ ತಪ್ಪಿಹೋದ ಸೆಮಿಸ್ಟರ್ ಪರೀಕ್ಷೆಯನ್ನು ಮರಳಿ ಕೊಡಲು ಯಾರಿಂದಲೂ ಆಗಲಿಲ್ಲ.

ಪಡೀಲಿನಲ್ಲಿರುವ ಮೊದಲನೆಯವಳ ಮನೆಗೆ ಹೋದೆ. ಅಪ್ಪ ಬಾಗಿಲಲ್ಲೇ ನಿಂತು ನಾನು ಹೇಳಿದ್ದನ್ನು ಕೇಳಿಸಿಕೊಂಡರು. ಕ್ಷಮೆ ಕೇಳಬೇಕು, ಅವಳನ್ನು ಒಮ್ಮೆ ಕರೆಯಿರಿ ಎಂದೆ.

"ಅವಳು ಒಳಗೆ ಇದ್ದಾಳೆ. ನಿಮ್ಮ ಸ್ವರ ಕೇಳಿ ಕೋಣೆಯ ಬಾಗಿಲು ಹಾಕಿದ್ದಾಳೆ," ಎಂದರು. "ಈಗ ಕದ್ರಿಯ ಒಂದು ಆಫೀಸಿಗೆ ಟೈಪಿಂಗ್‌ಗೆ ಹೋಗ್ತಾಳೆ. ಕಾಲೇಜಿಗೆ ಹೋಗು ಅಂತ ನಾವೂ ಹೇಳಿ ನೋಡಿದೆವು. ನೀವು ಹೊರಡಿ ಸರ್."

ಬೈದಿದ್ದರೆ ನಿಲ್ಲುತ್ತಿದ್ದೆನೇನೋ. ಮೆಟ್ಟಿಲಿಳಿದು ಬಂದೆ.