ಒಂದು ಮಿಲಿಮೀಟರಿನ ಹಾಲಿನ ತೊಟ್ಟಿ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ವೆಲ್ಡರ್ ಅಕ್ಕ ಬೆಸುಗೆ ಪರೀಕ್ಷಿಸಲು ಸ್ಟೇನ್‌ಲೆಸ್ ಸ್ಟೀಲಿನ ಎರಡು ಜೊತೆ ಚೂರುಗಳನ್ನು ಒರೆಸುತ್ತಿದ್ದರು. ದಪ್ಪ ಒಂದೇ ಮಿಲಿಮೀಟರ್. ಅದೇ ಹಾಳೆಯ ಹಾಲಿನ ತೊಟ್ಟಿ ಸಂಜೆ ಡೇರಿ ತಲುಪದಿದ್ದರೆ ಆರ್ಡರು ಕೈತಪ್ಪುತ್ತಿತ್ತು.

“ಮಿಗ್ ವೆಲ್ಡಿಂಗ್‌ನಲ್ಲಿ ಎಳೆದುಬಿಡಿ ಅಕ್ಕ. ತಂತಿ ತಾನೇ ಬರುತ್ತೆ, ಬೇಗ ಮುಗಿಯುತ್ತೆ,” ಎಂದ ವರ್ಕ್‌ಶಾಪಿನ ಮಾಲೀಕ.

“ಮೊದಲು ಚೂರಿನ ಮೇಲೆ ನೀವೇ ಎಳೀರಿ ಸಾಹುಕಾರ್ರೇ.”

ಅವನು ಎಳೆದ. ಹಾಳೆ ಎರಡು ಕಡೆ ತೂತಾಯಿತು, ಸುತ್ತ ಲೋಹದ ಕಾಳುಗಳು ಅಂಟಿದವು.

“ಹಾಲು ಸೋಸೋಕೆ ಅನುಕೂಲ,” ಎಂದರು ಅಕ್ಕ.

ಬಳಿಕ ಬೆಸುಗೆ ಕಪ್ಪಾಗದಂತೆ ಹಾಳೆಯ ಹಿಂಬದಿಗೂ ಆರ್ಗಾನ್ ಅನಿಲ ಹರಿಸಿ, ಕಾಲಿನ ಪೆಡಲ್‌ನಿಂದ ಶಾಖ ಹಿಡಿತದಲ್ಲಿಟ್ಟು, ತಂತಿಯನ್ನು ಕೈಯಿಂದಲೇ ಕೊಡುವ ಟಿಗ್ ವೆಲ್ಡಿಂಗ್‌ನಲ್ಲಿ ಇನ್ನೊಂದು ಜೊತೆ ಚೂರುಗಳನ್ನು ಬೆಸೆದರು. ಎರಡೂ ಬದಿ ನಯವಾಗಿತ್ತು. ಹಾಲು ಕೂತು ಹುಳಿಯಾಗುವಂಥ ಸಂದು ಎಲ್ಲೂ ಇರಲಿಲ್ಲ.

“ಚೆನ್ನಾಗಿದೆ. ಆದ್ರೆ ನಿಧಾನ. ಸಂಜೆಗೆ ಆಗುತ್ತಾ?”

“ತೊಟ್ಟಿ ನಾನು ಟಿಗ್‌ನಲ್ಲಿ ಮಾಡ್ತೀನಿ. ಅದನ್ನ ಹೊರೋ ಸ್ಟ್ಯಾಂಡು ಮೂರು ಮಿಲಿಮೀಟರಿಂದು, ಮಿಗ್‌ನ ಶಾಖ ತಡ್ಕೊಳ್ಳುತ್ತೆ. ಅದು ನಿಮ್ಮ ಪಾಲು. ಮಾತು ಕಮ್ಮಿ ಮಾಡಿದ್ರೆ ಆಗುತ್ತೆ.”

ನಾಲ್ಕೂವರೆಗೆ ತೊಟ್ಟಿಗೆ ನೀರು ತುಂಬಿಸಿ ನೋಡಿದರು. ಒಂದು ಹನಿಯೂ ಜಿನುಗಲಿಲ್ಲ. ತೊಟ್ಟಿ ಲಾರಿ ಹತ್ತಿದ ಮೇಲೆ ಮಾಲೀಕ ಬರೆದಿಡಲು ಸೀಮೆಸುಣ್ಣ ಹಿಡಿದು ಗೋಡೆಯ ಬಳಿ ನಿಂತ.

“ಮುಂದಿನ ತೊಟ್ಟಿಗೆ ಬೇಕು. ಟಿಗ್‌ಗೆ ಕರೆಂಟ್ ಎಷ್ಟಿಟ್ಟಿದ್ರಿ ಅಕ್ಕ?”

“ಮೂವತ್ತೆಂಟು ಆಂಪ್.”