ಸಹಿಗೆ ಮುಂಚೆ ಒಂದು ಸಾಲು

ನಮ್ಮ ವಿಮಾ ಏಜೆಂಟರಲ್ಲಿ ಒಂದು ರೂಢಿಯಿದೆ. ಸಹಿ ಬೇಕಾದ ಕಡೆ ಪೆನ್ಸಿಲ್‌ನಿಂದ ಟಿಕ್ ಹಾಕಿ ಕಾಗದ ಮುಂದಿಡುತ್ತೇವೆ, ಗಿರಾಕಿ ಓದದೆ ಸಹಿ ಹಾಕಿಕೊಡುತ್ತಾನೆ. ನಾನು ಓದದೆ ಟಿಕ್ ಹಾಕುವವನಲ್ಲ. ಅದಕ್ಕೇ ನಮ್ಮೂರು ವಾಡಿಯ ಉಳಿದ ಏಜೆಂಟರು ನನ್ನನ್ನು ಕಂಡರೆ ನಗುತ್ತಿದ್ದರು.

ಶಹಾಬಾದಿನ ನನ್ನ ಒಬ್ಬ ಗಿರಾಕಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷೀನಿನ ಮೇಲೆ ಕೆಲಸಕ್ಕಿದ್ದ. ಚಪ್ಪಡಿ ಜಾರಿ ಮೊಣಕಾಲಿನ ಮೇಲೆ ಬಿತ್ತು. ಅವನ ಅಪಘಾತ ವಿಮೆ ನನ್ನ ಕೈಯಿಂದಲೇ ಆಗಿತ್ತು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವಾರದ ಲೆಕ್ಕದ ಪರಿಹಾರ ಮಂಜೂರಾಗಿ, ಹಣ ಕೈಗೆ ಬರುವ ಮುಂಚೆ ಅವನು ಸಹಿ ಮಾಡಿಕೊಡಬೇಕಾದ ಬಿಡುಗಡೆ ಪತ್ರ ವಿಮಾ ಕಂಪನಿಯಿಂದ ಬಂತು. ಅದನ್ನು ಹಿಡಿದು ಅವನ ಮನೆಗೆ ಹೋದೆ.

"ಎಲ್ಲಿ ಟಿಕ್ ಹಾಕೀರಿ ಅಣ್ಣಾರ, ತೋರಸ್ರಿ," ಅಂದ.

"ತಡೀರಿ, ಓದಾಕತ್ತೀನಿ."

ಅವನಿಗೂ ಕೇಳುವಂತೆ ಓದುತ್ತ ಹೋದರೆ ಮೈ ಉರಿಯಿತು. 'ಈ ಅಪಘಾತದಿಂದ ಉಂಟಾದ ಈಗಿನ ಹಾಗೂ ಮುಂದಿನ ಎಲ್ಲ ಕ್ಲೇಮುಗಳ ಪೂರ್ಣ ಮತ್ತು ಅಂತಿಮ ಇತ್ಯರ್ಥ' ಎಂದಿತ್ತು. ಕಾಲು ಮಡಚಲು ಬರುವುದೋ ಇಲ್ಲವೋ ಎಂದು ಡಾಕ್ಟರರು ಇನ್ನೂ ಹೇಳಿರಲಿಲ್ಲ. ಬರದಿದ್ದರೆ ಪಾಲಿಸಿಯಲ್ಲಿ ಅದಕ್ಕೆ ಬೇರೆಯೇ ಪರಿಹಾರವಿದೆ. ಇದಕ್ಕೆ ಸಹಿ ಮಾಡಿದರೆ ನಾಳೆ ಆ ಹಣಕ್ಕಾಗಿ ಕೋರ್ಟು ಕಚೇರಿ ಅಲೆಯಬೇಕಾಗುತ್ತಿತ್ತು.

ಕಾಗದ ವಾಪಸ್ ಕಳಿಸಿದೆ. "ಎಲ್ಲಾರೂ ಇದಕ್ಕೇ ಸಹಿ ಮಾಡ್ತಾರ್ರಿ, ನಿಮ್ಮದೇನು ಬ್ಯಾರೆ?" ಎಂದು ಕಲಬುರಗಿ ಶಾಖೆಯ ಅಧಿಕಾರಿ ಫೋನಿನಲ್ಲಿ ರೇಗಿದರು. ನಾನೂ ಬಿಡಲಿಲ್ಲ. ಕೊನೆಗೆ ತಿದ್ದಿದ ಪತ್ರ ಬಂತು. ಇತ್ಯರ್ಥ ವಾರದ ಪರಿಹಾರಕ್ಕೆ ಮಾತ್ರ, ಶಾಶ್ವತ ಅಂಗವಿಕಲತೆ ಕಂಡುಬಂದರೆ ಆ ಪರಿಹಾರ ಕೇಳುವ ಹಕ್ಕು ಉಳಿದಿರುತ್ತದೆ ಎಂದು ಅದರಲ್ಲಿತ್ತು. ಗೆದ್ದ ಗತ್ತಿನಲ್ಲೇ ಶಹಾಬಾದಿಗೆ ಹೋದೆ.

ಈ ಸಲ ಅವನ ಹೆಂಡತಿಗೇ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದೆ. 'ಶಾಶ್ವತ ಅಂಗವಿಕಲತೆ' ಅನ್ನುವಲ್ಲಿಗೆ ಬಂದು ಆಕೆಯ ಓದು ನಿಂತುಬಿಟ್ಟಿತು. ಆ ಮನೆಯಲ್ಲಿ ಅಷ್ಟು ತಿಂಗಳು ಯಾರೂ ಬಾಯಿಬಿಟ್ಟು ಆಡದ ಮಾತು ಅದು.

"ಡಾಕ್ಟರ್ ನಿಮಗೇನರ ಹೇಳ್ಯಾರೇನ್ರಿ?" ಅವನು ನನ್ನನ್ನೇ ನೋಡಿದ.

"ಇಲ್ರಿ. ಇದು ಬರೇ ಮುಂಜಾಗ್ರತಿಗೆ."

"ಹಂಗಾರ ಹಳೀದೇ ಕೊಡ್ರಿ. ಅದರಾಗ ಎಲ್ಲಾ ಮುಗೀತು ಅಂತ ಇತ್ತು, ಈ ಮಾತು ಇರಲಿಲ್ಲ."

ಹಳೆಯದು ನನ್ನ ಹತ್ತಿರ ಇರಲಿಲ್ಲ. ಇದ್ದರೂ ಕೊಡುತ್ತಿರಲಿಲ್ಲ ಅನ್ನಿ. ಆದರೂ ಆ ಹೊತ್ತಿನಲ್ಲಿ ನನ್ನ ಜಾಣತನದ ಮೇಲೆ ನನಗೇ ಹೇಸಿಗೆಯಾಯಿತು. ಹೆಂಡತಿ ಪೆನ್ನು ತಂದು ಅವನ ಬೆರಳ ನಡುವೆ ಇಟ್ಟಳು. "ಮಾಡ್ರಿ. ಹುಡುಗ್ರು ಸಣ್ಣವು ಅದಾವ," ಅಂದಳು.

ಸಹಿ ಮಾಡಿದ. ಕಾಗದ ನನಗೆ ಕೊಟ್ಟು, ಫೋನು ತೆಗೆದುಕೊಂಡು ಕಲ್ಲಿನ ಕಾರ್ಖಾನೆಯ ಮಾಲೀಕರಿಗೆ ಹಚ್ಚಿದ.

"ನನ್ನ ಮಷೀನಿಗೆ ಬ್ಯಾರೆಯವರನ್ನ ಹಚ್ಚಕೋರಿ ಸಾವಕಾರ್ರ," ಅಂದ. "ಇನ್ನ ನನ್ನ ದಾರಿ ನೋಡಬ್ಯಾಡ್ರಿ."